‘ಸಬ್ ಡಿಸ್ಟ್ರಿಕ್ಟ್’ ಎಂಬಲ್ಲಿ ‘ತಾಲೂಕು’ ಎಂದು ಬರೆಯಬಹುದೇ?

ಅನುವಾದಕಿ, ಕೊಪ್ಪಳ:
ಮಾನ್ಯರೇ, 1995ರ ಇಂಗ್ಲಿಷ್ ಕ್ರಯಪತ್ರವೊಂದರ ಕನ್ನಡ ಅನುವಾದವನ್ನು ನಾಳೆ ಬೆಳಿಗ್ಗೆಯೇ ವಕೀಲರಿಗೆ ಒಪ್ಪಿಸಬೇಕಿದೆ. ಅದರ ಷೆಡ್ಯೂಲಿನಲ್ಲಿ ‘ರಾಯಚೂರು ರಿಜಿಸ್ಟ್ರೇಷನ್ ಡಿಸ್ಟ್ರಿಕ್ಟ್, ಗಂಗಾವತಿ ಸಬ್ ಡಿಸ್ಟ್ರಿಕ್ಟ್’ ಎಂದಿದೆ. ಜಮೀನಿರುವ ಊರು ಈಗ ಕೊಪ್ಪಳ ಜಿಲ್ಲೆಯ ಕಾರಟಗಿ ತಾಲೂಕಿಗೆ ಸೇರಿರುವುದರಿಂದ ‘ಕಾರಟಗಿ ತಾಲೂಕು’ ಎಂದು ಬರೆದಿದ್ದೇನೆ. ತಪ್ಪಾದೀತೇ?

ಅಧ್ಯಾಪಕರು, ಬಳ್ಳಾರಿ:
ಜಿಲ್ಲೆ, ತಾಲೂಕು ಎರಡೂ ಅರಬ್ಬಿಯಿಂದ ಬಂದವು, ‘ಉಪಜಿಲ್ಲೆ’ ಎನ್ನೋಣವೆಂದರೆ ‘ಉಪ’ ಸಂಸ್ಕೃತದ್ದು. ‘ಕಿರು ನೋಂದಣಿ ಎಲ್ಲೆ’ ಎಂದು ಬರೆಯಿರಿ.

ನಿವೃತ್ತ ದಸ್ತಾವೇಜು ಬರಹಗಾರರು, ರಾಯಚೂರು:
ಪದ ಯಾವುದೇ ಇರಲಿ, ತಾಲೂಕು ಎಂದು ಮಾತ್ರ ಬರೆಯಬೇಡಿ. ತಾಲೂಕು ಕಂದಾಯ ಆಡಳಿತದ ಗಡಿ. ಸಬ್ ಡಿಸ್ಟ್ರಿಕ್ಟ್ ಎಂಬುದು 1908ರ ನೋಂದಣಿ ಕಾಯ್ದೆಯ 5ನೇ ಕಲಮಿನಡಿ ಸರ್ಕಾರ ಬೇರೆಯಾಗಿ ಅಧಿಸೂಚಿಸುವ ಗಡಿ. ಎರಡೂ ಹಲವೆಡೆ ಹೊಂದಿಕೊಳ್ಳುತ್ತವೆಯಾದರೂ, ಹೊಸ ತಾಲೂಕು ಆದ ಮಾತ್ರಕ್ಕೆ ನೋಂದಣಿಯ ಗಡಿ ತಾನಾಗಿ ಬದಲಾಗುವುದಿಲ್ಲ. ಬೆಂಗಳೂರಿನಲ್ಲಂತೂ ಜಯನಗರ, ಬಸವನಗುಡಿ ಮುಂತಾದವೇ ನೋಂದಣಿ ಜಿಲ್ಲೆಗಳು.

ನಿಮ್ಮ ಪತ್ರವನ್ನೇ ನೋಡಿ. 1995ರಲ್ಲಿ ಕೊಪ್ಪಳ ಜಿಲ್ಲೆಯೇ ಇರಲಿಲ್ಲ. ಅದು ಆದದ್ದು 1997ರಲ್ಲಿ. ಆ ಕ್ರಯ ದಾಖಲಾದದ್ದು ಗಂಗಾವತಿ ಕಚೇರಿಯ ಸೂಚಿಯಲ್ಲಿ. ನಿಮ್ಮ ಅನುವಾದವನ್ನು ನಂಬಿ ಯಾರಾದರೂ ಬೇರೊಂದು ಕಚೇರಿಯ ಹೆಸರಿನಲ್ಲಿ ಋಣಭಾರ ಪತ್ರ ಕೇಳಿದರೆ ‘ವ್ಯವಹಾರವಿಲ್ಲ’ ಎಂದು ನಮೂನೆ 16 ಬರಬಹುದು. ಅದರ ಅರ್ಥ ಆ ಕಚೇರಿಯ ಸೂಚಿಯಲ್ಲಿ ಕಾಣಲಿಲ್ಲ ಎಂದಷ್ಟೇ, ಜಮೀನಿನ ಮೇಲೆ ಭಾರವಿಲ್ಲ ಎಂದಲ್ಲ. ಊರು ನಡುವೆ ಬೇರೆ ಕಚೇರಿಯ ವ್ಯಾಪ್ತಿಗೆ ಹೋಗಿದ್ದರೆ, ಯಾವ ವರ್ಷದವರೆಗೆ ಎಲ್ಲಿತ್ತೋ ಅಲ್ಲಿ ಅಷ್ಟು ಅವಧಿಗೆ ಹುಡುಕಿಸಬೇಕು.

ಸಿಂಧನೂರಿನಿಂದ ಒಬ್ಬರು:
ಈಗ ಜಿಲ್ಲೆಯ ಯಾವ ಕಚೇರಿಯಲ್ಲಾದರೂ ನೋಂದಾಯಿಸಬಹುದಲ್ಲ, 2024ರ ಸೆಪ್ಟೆಂಬರಿನಿಂದ? ಹಾಗಿದ್ದ ಮೇಲೆ ಈ ಗಡಿಗಳಿಗೆ ಅರ್ಥವೆಲ್ಲಿದೆ?

ದಸ್ತಾವೇಜು ಬರಹಗಾರರು:
ಹಾಜರುಪಡಿಸುವ ಸ್ಥಳ ಸಡಿಲವಾಗಿದೆ ಎಂಬುದು ನಿಜ. ಆದರೆ ಆಸ್ತಿ ತನ್ನ ವ್ಯಾಪ್ತಿಯಲ್ಲೇ ಇರುತ್ತದೆ, ಮತ್ತು 1995ರ ಪತ್ರಕ್ಕೆ 2024ರ ಸೌಲಭ್ಯ ಅನ್ವಯಿಸುವುದಿಲ್ಲ.

ಸಿರುಗುಪ್ಪದಿಂದ ಒಬ್ಬರು:
ನಮ್ಮ ಅಕ್ಕನ ಹೊಲದ ಪಹಣಿಯಲ್ಲೂ ತಾಲೂಕಿನ ಹೆಸರು ತಪ್ಪಾಗಿದೆ. ಸಬ್ ರಿಜಿಸ್ಟ್ರಾರ್ ತಿದ್ದಿ ಕೊಡುತ್ತಾರೆಯೇ?

ದಸ್ತಾವೇಜು ಬರಹಗಾರರು:
ಇಲ್ಲ. ಪಹಣಿಗೆ ತಹಸೀಲ್ದಾರರನ್ನು ಕೇಳಿ.

ಅನುವಾದಕಿ:
‘ರಾಯಚೂರು ನೋಂದಣಿ ಜಿಲ್ಲೆ, ಗಂಗಾವತಿ ನೋಂದಣಿ ಉಪಜಿಲ್ಲೆ’ ಎಂದು ಮೂಲದಂತೆಯೇ ಇಟ್ಟು, ಕಾರಟಗಿಯ ಮಾತನ್ನು ಅಡಿಟಿಪ್ಪಣಿಯಲ್ಲಿ ‘ಈಗಿನ ತಾಲೂಕು’ ಎಂದು ಅನುವಾದಕಿಯ ಹೆಸರಿನಲ್ಲಿ ಹೇಳುತ್ತೇನೆ.

ಅಧ್ಯಾಪಕರು:
ನಾನು ಒಪ್ಪುವುದಿಲ್ಲ. ‘ಎಲ್ಲೆ’ ಎಂಬ ನಮ್ಮದೇ ಪದವಿರುವಾಗ ಅರಬ್ಬಿಗೆ ಸಂಸ್ಕೃತದ ಬಾಲವೇಕೆ?

ದಸ್ತಾವೇಜು ಬರಹಗಾರರು:
‘ನೋಂದಣಿ’ಯನ್ನು ಮರಾಠಿಯವರೂ ತಮ್ಮದೆನ್ನುತ್ತಾರೆ, ಅದನ್ನೂ ಬಿಡುವಿರಾ? ಎಲ್ಲೆ ಎಂದರೆ ಗೆರೆ. ಇಲ್ಲಿ ಬೇಕಾಗಿರುವುದು ಆ ಗೆರೆಯೊಳಗಿನ ಊರುಗಳೆಲ್ಲವನ್ನೂ ಹೇಳುವ ಪದ.