ಪ್ರತಿ ಶನಿವಾರದ ವಿಡಿಯೋ: ಶುರು, ನಡುವಿನ ಭಾಗಗಳು, ಕೊನೆ ಹೇಗಿಡೋದು?

ಪ್ರಶ್ನೆ: ಶಿರಸಿ ಕಡೆಯ ಅಡಿಕೆ ಬೆಳೆಗಾರರು

ಎಲ್ಲರಿಗೂ ನಮಸ್ಕಾರ. ಪ್ರತಿ ಶನಿವಾರ ನಮ್ಮ ತೋಟದ ಕೆಲಸದ ಮೇಲೆ ಯೂಟ್ಯೂಬಿಗೆ ಹತ್ತು ನಿಮಿಷದ ವಿಡಿಯೋ ಹಾಕ್ತೇನೆ. ಶುರುವಿನ ಡ್ರೋನ್ ಶಾಟ್, ಲೋಗೋ, ಸ್ವಾಗತ ಸೇರಿ 38 ಸೆಕೆಂಡು. ಆಮೇಲೆ ವಾರದ ಕೆಲಸ, ಮಾರುಕಟ್ಟೆ ಧಾರಣೆ, ಒಂದು ಪ್ರಶ್ನೆಗೆ ಉತ್ತರ. ಆದರೆ ಒಂದೊಂದು ವಾರ ಒಂದೊಂದು ಕ್ರಮ. 30ನೇ ಸೆಕೆಂಡಿಗೆ ಅರ್ಧಕ್ಕರ್ಧ ಜನ ಹೊರಟುಹೋಗಿರ್ತಾರೆ. ಪ್ರತಿ ವಾರ ಹೊಸದಾಗಿ ತಲೆ ಕೆಡಿಸಿಕೊಳ್ಳದೆ ಬಳಸುವಂಥ ಒಂದು ಚೌಕಟ್ಟು ಬೇಕು. ಎಡಿಟಿಂಗ್ ಗೊತ್ತಿದ್ದವರು ತಿಳಿಸಿ.

ಮದುವೆ ವಿಡಿಯೋ ಮಾಡುವವರು, ಹುಬ್ಬಳ್ಳಿ

ಇಂಟ್ರೋ ಪೂರ್ತಿ ತೆಗೆದುಹಾಕ್ರಿ ಸರ್. ಈಗ ಯಾರೂ ಅದನ್ನ ನೋಡಂಗಿಲ್ಲ. ಧಾರಣೆ ಎಲ್ಲಾರಿಗೂ ಬೇಕಾದದ್ದು, ಅದನ್ನ ಕಟ್ಟಕಡೀಗೆ ಇಡ್ರಿ. ಅದಕ್ಕಂತ ಜನ ಕೊನೀತನಕ ಕೂಡ್ತಾರ.

ವಿಡಿಯೋ ಎಡಿಟರ್, ಬೆಂಗಳೂರು

ಸರ್, ನಾನು ಟಿವಿಯಲ್ಲಿ ವಾರದ ಕಾರ್ಯಕ್ರಮಗಳನ್ನು ಎಡಿಟ್ ಮಾಡ್ತಿದ್ದೆ, ಈಗ ಯೂಟ್ಯೂಬ್ ಸರಣಿಗಳದ್ದೇ ಕೆಲಸ. ಹುಬ್ಬಳ್ಳಿಯವರ ಮಾತು ಅರ್ಧ ಸರಿ. ಉದ್ದ ಇಂಟ್ರೋ ಬೇಡ, ಆದರೆ ಪೂರ್ತಿ ತೆಗೆಯೋದೂ ಬೇಡ. ಪ್ರತಿ ವಾರ ಬರುವವರಿಗೆ ಒಂದು ಗುರುತು ಬೇಕು, ಅದಕ್ಕೆ 4 ಸೆಕೆಂಡು ಸಾಕು. ಆ ಗುರುತಿಗಿಂತ ಮುಂಚೆ ಏನು ಬರುತ್ತೆ ಅನ್ನೋದೇ ಮುಖ್ಯ.

ಮೊದಲು ನಿಮ್ಮ ಗ್ರಾಫ್ ನೋಡಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದು ವಿಡಿಯೋದ ಅನಾಲಿಟಿಕ್ಸ್ ತೆರೆದರೆ ಜನ ಎಲ್ಲಿವರೆಗೆ ನೋಡಿದರು ಅನ್ನುವ ಗೆರೆ ಕಾಣುತ್ತೆ. ಮೊದಲ ಕೆಲವು ಸೆಕೆಂಡಲ್ಲಿ ಗೆರೆ ಇಳಿಯೋದು ಎಲ್ಲರ ವಿಡಿಯೋದಲ್ಲೂ ಇದ್ದದ್ದೇ. ನೀವು ಹುಡುಕಬೇಕಾದ್ದು ಬೇರೆ. ಲೋಗೋ ಬರುವ ಜಾಗದಲ್ಲಿ ಗೆರೆ ಕಡಿದಾಗಿ ಇಳಿದು, ಲೋಗೋ ಮುಗಿದ ಕೂಡಲೇ ಒಂದು ಸಣ್ಣ ಗುಡ್ಡೆ ಎದ್ದಿದೆಯಾ? ಆ ಗುಡ್ಡೆ ಅಂದರೆ ಜನ ಪರದೆಯನ್ನು ಎರಡು ಸಲ ತಟ್ಟಿ, ಇಂಟ್ರೋ ಹಾರಿಸಿ ಅಲ್ಲಿಗೆ ಬಂದು ಇಳಿದಿದ್ದಾರೆ. ಅವರಿಗೆ ವಿಷಯ ಬೇಕು, ನಿಮ್ಮ ಇಂಟ್ರೋ ಅಡ್ಡ ನಿಂತಿದೆ. ಗುಡ್ಡೆ ಇಲ್ಲದೆ ಬರೀ ಇಳಿಜಾರಿದ್ದರೆ ಅವರು ವಿಡಿಯೋ ಬಿಟ್ಟೇ ಹೋಗಿದ್ದಾರೆ. ಆಗ ನಿಮ್ಮ ಶೀರ್ಷಿಕೆ ಹೇಳಿದ್ದಕ್ಕೂ ಮೊದಲ ಮಾತಿಗೂ ಹೊಂದಿಕೆ ಇದೆಯಾ ನೋಡಬೇಕು. ಒಂದೇ ವಿಡಿಯೋ ನಂಬಬೇಡಿ, ಹಿಂದಿನ ನಾಲ್ಕು ವಾರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕರಲ್ಲೂ ಒಂದೇ ಜಾಗದಲ್ಲಿ ಇಳಿದರೆ ತಪ್ಪು ಚೌಕಟ್ಟಿನದು. ಒಂದರಲ್ಲಿ ಮಾತ್ರ ಇಳಿದರೆ ಆ ವಾರದ ವಿಷಯದ್ದು.

ಈಗ ಶುರು. ಕೊಳೆರೋಗದ ವಾರ ಅಂದುಕೊಳ್ಳಿ. ಡ್ರೋನ್ ಬೇಡ, ಸ್ವಾಗತ ಬೇಡ. ನಿಮ್ಮ ಅಂಗೈಯಲ್ಲಿ ಒಂದು ಉದುರಿದ ಕಾಯಿ, ಕ್ಯಾಮೆರಾ ಹತ್ತಿರದಲ್ಲಿ. ನೀವು ಹೇಳೋದು ಇಷ್ಟೇ: "ಈ ಕಾಯಿ ಇವತ್ತು ಬೆಳಿಗ್ಗೆ ಮರದ ಬುಡದಲ್ಲಿ ಸಿಕ್ಕಿತು. ತೊಟ್ಟಿನ ಹತ್ತಿರ ನೋಡಿ, ನೀರು ಕುಡಿದ ಹಾಗೆ ಕಡುಹಸಿರು ಕಲೆ. ಎರಡನೇ ಸಲದ ಬೋರ್ಡೋ ಈಗಲೇ ಹೊಡೆಯೋದಾ, ಮಳೆ ಬಿಡುವಿಗೆ ಕಾಯೋದಾ?" ಗಟ್ಟಿಯಾಗಿ ಓದಿದರೆ ಸುಮಾರು 15 ಸೆಕೆಂಡು. ಅದಾದ ಮೇಲೆ ನಿಮ್ಮ 4 ಸೆಕೆಂಡಿನ ಗುರುತು. ಡ್ರೋನ್ ಶಾಟಿನ ಚೆಂದದ ತುಣುಕನ್ನು ಅಲ್ಲಿ ಬಳಸಿ, ಮೇಲೆ ಸರಣಿಯ ಹೆಸರು, ಪ್ರತಿ ವಾರ ಅದೇ ದನಿ. "ನಮಸ್ಕಾರ" ಅದಾದ ಮೇಲೆ ಬರಲಿ, ಒಂದೇ ಸಾಲು, ಮತ್ತೆ ನೇರ ಕೆಲಸಕ್ಕೆ.

ಆ ಗುರುತಿನ ದನಿ ನಿಮ್ಮ ಮಾತಿಗಿಂತ ಜೋರಿರಬಾರದು. ತೋಟದಲ್ಲಿ ಮೆತ್ತಗೆ ಮಾತಾಡಿದ ಕೂಡಲೇ ಚೆಂಡೆ ಬಡಿದ ಹಾಗೆ ಬಂದರೆ, ಇಯರ್‌ಫೋನ್ ಹಾಕಿಕೊಂಡವರು ಅಲ್ಲೇ ಬಿಡ್ತಾರೆ.

ಭಜನಾ ಮಂಡಳಿಯ ಚಾನೆಲ್ ನಡೆಸುವವರು, ಉಡುಪಿ

ಇಂಟ್ರೋ ಮ್ಯೂಸಿಕ್ ಬಗ್ಗೆ ಕೇಳಿದ್ದೀರಲ್ಲ, ನನ್ನ ಅನುಭವ ಹೇಳ್ತೇನೆ. ಅಂತರ್ಜಾಲದಲ್ಲಿ "ಉಚಿತ" ಅಂತ ಸಿಕ್ಕಿದ ಕೊಳಲಿನ ತುಣುಕೊಂದನ್ನು ಇಂಟ್ರೋಗೆ ಹಾಕಿದ್ದೆವು. ಒಂದು ದಿನ ಅದರ ಮೇಲೆ ಕಾಪಿರೈಟ್ ಕ್ಲೇಮ್ ಬಂತು. ಪ್ರತಿ ವಿಡಿಯೋದಲ್ಲೂ ಅದೇ ಇದ್ದದ್ದರಿಂದ ಅಷ್ಟಕ್ಕೂ ಬಂತು.

ವಿಡಿಯೋ ಎಡಿಟರ್, ಬೆಂಗಳೂರು

ಅಕ್ಕಾ, ಅವರು ಕೇಳಿದ್ದು ಅದಲ್ಲ, ಆದರೂ ಹೇಳಿದ್ದು ಒಳ್ಳೆಯದಾಯಿತು. ಪ್ರತಿ ಕಂತಿನಲ್ಲೂ ಬರುವ ಸಂಗೀತಕ್ಕೆ ಪರವಾನಗಿ ಗಟ್ಟಿ ಇರಲೇಬೇಕು. ಯೂಟ್ಯೂಬಿನ ಆಡಿಯೋ ಲೈಬ್ರರಿಯಿಂದ ತೆಗೆದುಕೊಳ್ಳಿ, ಇಲ್ಲವೇ ಊರಿನ ಯಾರಾದರೂ ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಒಪ್ಪಿಗೆ ಬರೆಸಿಕೊಳ್ಳಿ. ಸರ್, ನಿಮಗೆ ನಾಲ್ಕು ಸೆಕೆಂಡು ಸಾಕಲ್ಲ. ತೋಟದ್ದೇ ದನಿ ಯಾಕಾಗಬಾರದು? ಒಣಗಿದ ಸೋಗೆ ಬೀಳುವ ಸದ್ದು, ಕತ್ತಿ ತಾಗುವ ಸದ್ದು.

ಪ್ರಶ್ನೆ ಕೇಳಿದವರು

ಸೋಗೆ ಬೀಳುವ ಸದ್ದು ನನಗೆ ಹೊಳೆದೇ ಇರಲಿಲ್ಲ! ಇನ್ನು ನಡುವಿನ ಭಾಗಗಳ ಕ್ರಮ ಹೇಳಿ ಮೇಡಂ. ಒಂದೊಂದು ವಾರ ಪ್ರಶ್ನೆಯೇ ಬಂದಿರಲ್ಲ. ಮಳೆಗಾಲದಲ್ಲಿ ಹೊರಗೆ ಶೂಟ್ ಮಾಡೋದೇ ಕಷ್ಟ.

ವಿಡಿಯೋ ಎಡಿಟರ್, ಬೆಂಗಳೂರು

ಕ್ರಮ ಗಟ್ಟಿ ಇರಲಿ, ಉದ್ದ ಸಡಿಲ ಇರಲಿ. ವಾರದ ಕೆಲಸ ಮೊದಲು, ಪ್ರಶ್ನೆ ಆಮೇಲೆ, ಧಾರಣೆ ಅದರ ನಂತರ. ಪ್ರಶ್ನೆ ಇಲ್ಲದ ವಾರ ಆ ಭಾಗವನ್ನೇ ಬಿಡಿ. ತುಂಬಿಸಬೇಕು ಅಂತ ಎರಡು ನಿಮಿಷ ಎಳೆದರೆ ಅದೇ ಜಾಗದಲ್ಲಿ ಗೆರೆ ಇಳಿಯೋದನ್ನು ನೀವೇ ನೋಡ್ತೀರಿ.

ಧಾರಣೆಯನ್ನು ಹಿಂದಕ್ಕೆ ಇಡಲು ಕಾರಣ ಜನರನ್ನು ಹಿಡಿದಿಡೋದಲ್ಲ. ಬೋರ್ಡೋ ತಯಾರಿ ಮುಂದಿನ ವರ್ಷದ ಮಳೆಗಾಲಕ್ಕೂ ಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದು ಬದಲಾಗಲ್ಲ. ರಾಶಿ, ಚಾಲಿ ಧಾರಣೆ ಮುಂದಿನ ವಾರಕ್ಕೇ ಹಳತು. ಆರು ತಿಂಗಳ ಮೇಲೆ ಯಾರೋ ಕೊಳೆರೋಗ ಅಂತ ಹುಡುಕಿ ಬಂದಾಗ ಮೊದಲ ಎರಡು ನಿಮಿಷ ಹಳೇ ಧಾರಣೆ ಕೇಳಿದರೆ ಎದ್ದು ಹೋಗ್ತಾರೆ. ಬೇಗ ಹಳಸುವ ಭಾಗ ಹಿಂದೆ, ಒಂದು ನಿಮಿಷದೊಳಗೆ, ಪರದೆ ಮೇಲೆ ತಾರೀಕು ಸಮೇತ ಇರಲಿ.

ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವಾಗ ಮತ್ತೆ ಲೋಗೋ ಹಾಕಬೇಡಿ. ಕೆಳಗಡೆ ಭಾಗದ ಹೆಸರು ಮೂರು ಸೆಕೆಂಡು ಬರಲಿ, ಮಾತು ನಿಲ್ಲದಿರಲಿ. ಮಾತೇ ಸೇತುವೆ. "ಸುಣ್ಣ ಹೆಚ್ಚಾದರೆ ಏನಾಗುತ್ತೆ ಅಂತ ಒಬ್ಬರು ಕೇಳಿದ್ದಾರೆ" ಅಂದರೆ ಪ್ರಶ್ನೆಯ ಭಾಗಕ್ಕೆ ಬಂದಾಯಿತು.

ಮಳೆಗಾಲಕ್ಕೆ ಒಂದು ಉಪಾಯ. ಪ್ರಶ್ನೆಗಳ ಭಾಗವನ್ನು ಜಗಲಿಯಲ್ಲಿ ಕೂತು ಒಂದೇ ದಿನ ನಾಲ್ಕು ವಾರಕ್ಕಾಗುವಷ್ಟು ಶೂಟ್ ಮಾಡಿ. ಅದರಲ್ಲಿ "ಈ ವಾರ", "ನಿನ್ನೆ" ಅನ್ನುವ ಮಾತು ಬಾರದಂತೆ ನೋಡಿಕೊಳ್ಳಿ, ಯಾವ ವಾರಕ್ಕೆ ಬೇಕಾದರೂ ಕೂರುತ್ತೆ. ಎಡಿಟಿಂಗಿನಲ್ಲೂ ಒಂದು ಖಾಲಿ ಪ್ರಾಜೆಕ್ಟ್ ಇಟ್ಟುಕೊಳ್ಳಿ. ಗುರುತು, ಭಾಗದ ಹೆಸರುಗಳು, ಕೊನೆಯ ಹಿನ್ನೆಲೆ ಎಲ್ಲ ಅದರಲ್ಲೇ ಇರಲಿ. ಪ್ರತಿ ವಾರ ಅದರ ನಕಲು ತೆಗೆದು ಕೆಲಸ ಶುರು ಮಾಡಿ.

ವಿಡಿಯೋ ಕೆಳಗಿನ ವಿವರಣೆಯಲ್ಲಿ ಹೀಗೆ ಹಾಕಿ:

```
0:00 ಉದುರಿದ ಕಾಯಿ
0:20 ಎರಡನೇ ಬೋರ್ಡೋ ಯಾವಾಗ
6:50 ಪ್ರಶ್ನೆ: ಸುಣ್ಣ ಹೆಚ್ಚಾದರೆ
9:10 ಈ ವಾರದ ಧಾರಣೆ
10:05 ಬೋರ್ಡೋ ಸರಿಯಾಗಿದೆಯಾ
```

ಮೊದಲ ಸಾಲು 0:00 ಇರಲೇಬೇಕು, ಕಡಿಮೆ ಅಂದರೆ ಮೂರು ಸಾಲು, ಒಂದೊಂದು ಭಾಗವೂ ಹತ್ತು ಸೆಕೆಂಡಿಗೆ ಕಮ್ಮಿ ಆಗಬಾರದು. ಇಲ್ಲದಿದ್ದರೆ ಅಧ್ಯಾಯಗಳು ಮೂಡಲ್ಲ.

ತೀರ್ಥಹಳ್ಳಿಯ ಬೆಳೆಗಾರರು

ನಾನು ವಿಡಿಯೋ ಮಾಡುವವನಲ್ಲ, ನೋಡುವವನು. ಶನಿವಾರ ಸಂಜೆ ನನಗೆ ಮೊದಲು ಬೇಕಾದ್ದು ಧಾರಣೆ. ಹತ್ತು ನಿಮಿಷ ಕಾಯಿಸಿದರೆ ಬೇರೆ ಚಾನೆಲ್ಲಿಗೆ ಹೋಗ್ತೀನಿ ಮಾರಾಯ್ರೇ.

ವಿಡಿಯೋ ಎಡಿಟರ್, ಬೆಂಗಳೂರು

ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ ಸರ್. ಅಧ್ಯಾಯ ಇದ್ದರೆ ನೀವು ಒಂದೇ ಸಲಕ್ಕೆ 9:10ಕ್ಕೆ ಹೋಗಬಹುದು. ಹಾಗೆ ಹೋಗುವವರೇ ಹೆಚ್ಚಾದರೆ ಅಲ್ಲಿ ದೊಡ್ಡ ಗುಡ್ಡೆ ಏಳುತ್ತೆ. ಆಗ ಧಾರಣೆಯನ್ನು ಬೇರೆಯೇ ಸಣ್ಣ ವಿಡಿಯೋ ಮಾಡೋದು ವಾಸಿ ಅಂತ ನನಗೆ ಅನಿಸುತ್ತೆ. ಆದರೆ ಒಂದೇ ವಿಡಿಯೋಗೆ ಸಮಯ ಸಾಲದವರಿಗೆ ವಾರಕ್ಕೆ ಎರಡು ಮಾಡಿ ಅನ್ನೋದು ಹೇಗೆ?

ಮದುವೆ ವಿಡಿಯೋ ಮಾಡುವವರು, ಹುಬ್ಬಳ್ಳಿ

ಅಂದ್ರ ಕೊನೀಗೇ ಬಂತಲ್ರಿ ಧಾರಣೆ, ನಾ ಹೇಳಿದಂಗ!

ವಿಡಿಯೋ ಎಡಿಟರ್, ಬೆಂಗಳೂರು

ಜಾಗ ಹತ್ತಿರ ಹತ್ತಿರ ಅದೇ, ಕಾರಣ ಬೇರೆ. "ಧಾರಣೆ ಕೊನೆಗೆ ಹೇಳ್ತೇನೆ, ನೋಡ್ತಾ ಇರಿ" ಅಂತ ಹೇಳಬೇಡಿ. ಎಲ್ಲಿದೆ ಅಂತ ಅಧ್ಯಾಯದಲ್ಲಿ ತೋರಿಸಿ.

ಇನ್ನು ಮುಕ್ತಾಯ. ಎಂಡ್ ಸ್ಕ್ರೀನ್, ಅಂದರೆ ಇನ್ನೊಂದು ವಿಡಿಯೋ ತೋರಿಸುವ ಚೌಕ, ಕೊನೆಯ 5ರಿಂದ 20 ಸೆಕೆಂಡಿನೊಳಗೇ ಬರಬೇಕು. ಹೆಚ್ಚಿನವರು "ಇಷ್ಟೇ ಇವತ್ತಿನ ವಿಷಯ, ಧನ್ಯವಾದ" ಅಂದ ಮೇಲೆ ಅದನ್ನು ಹಾಕ್ತಾರೆ. ಧನ್ಯವಾದ ಕೇಳಿದ ಕೂಡಲೇ ಜನ ಎದ್ದಾಯಿತು, ಚೌಕ ಕಾಣುವ ಹೊತ್ತಿಗೆ ಯಾರೂ ಇಲ್ಲ. ಅದಕ್ಕೇ ಧಾರಣೆ ಆದ ಮೇಲೆ ಒಂದು ಸಣ್ಣ ವಿಷಯ ಉಳಿಸಿಕೊಳ್ಳಿ. ಉದಾಹರಣೆಗೆ, ಬೋರ್ಡೋ ಸರಿಯಾಗಿದೆಯಾ ಅಂತ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡೋದು, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ. ಅದನ್ನು ಹೇಳ್ತಾ ಇರುವಾಗಲೇ ಚೌಕ ಬರಲಿ. ನೀವು ಪರದೆಯ ಎಡಕ್ಕೆ ಕೂತಿರಿ, ಬಲಗಡೆ ಖಾಲಿ ಇರಲಿ. ಕೊನೆಯ ಮಾತು ಆ ಚೌಕದ ವಿಡಿಯೋ ಬಗ್ಗೆ: "ಸುಣ್ಣ ಆರಿಸೋದು ಹೇಗೆ ಅನ್ನೋದು ಇಲ್ಲಿದೆ."

ಮುಂದಿನ ವಾರದ ವಿಡಿಯೋ ಇನ್ನೂ ಹುಟ್ಟಿಲ್ಲವಲ್ಲ, ಅದಕ್ಕೆ ಮೊದಲು ಹಳೆಯದೊಂದನ್ನು ಹಾಕಿ. ಪ್ರಕಟಿಸಿದ ಮೇಲೂ ಎಂಡ್ ಸ್ಕ್ರೀನ್ ಬದಲಿಸಬಹುದು. ಶನಿವಾರ ಹೊಸದು ಹಾಕಿದ ಮೇಲೆ, ಅದು ಹಿಂದಿನದಕ್ಕೆ ಸಂಬಂಧಪಟ್ಟಿದ್ದರೆ ಹೋಗಿ ಕೊಂಡಿ ಬದಲಿಸಿ.

ಪ್ರಶ್ನೆ ಕೇಳಿದವರು

ಈ ವಾರದ ಶುರು ಬರೆದಿದ್ದೇನೆ, ನೋಡಿ ಮೇಡಂ: "ಈ ವಾರ ನಮ್ಮಲ್ಲಿ ಮಳೆ ಜೋರು, ಮೂರು ದಿನ ತೋಟಕ್ಕೆ ಇಳಿಯೋಕೇ ಆಗಲಿಲ್ಲ. ಬಸಿಗಾಲುವೆ ನೋಡಿ, ಗುದ್ದಲಿ ಇಳಿಸಿದರೆ ಕಾವಿನ ಅರ್ಧದವರೆಗೆ ನೀರು. ಇದು ಹೊರಗೆ ಹೋಗದಿದ್ದರೆ ಬೇರಿಗೆ ಏನಾಗುತ್ತೆ?"

ವಿಡಿಯೋ ಎಡಿಟರ್, ಬೆಂಗಳೂರು

ಮೊದಲ ವಾಕ್ಯ ತೆಗೆಯಿರಿ. ಮಳೆ ಎಷ್ಟು ಅಂತ ಆ ಕಾವೇ ಹೇಳುತ್ತೆ. ಗುದ್ದಲಿ ನೀರಿಗೆ ಇಳಿಯುವ ಶಾಟಿಂದ ಶುರು ಮಾಡಿ, ನೀರಿನ ಸದ್ದು ಒಂದು ಸೆಕೆಂಡು ಕೇಳಲಿ, ಆಮೇಲೆ ಮಾತು.