ಉದ್ಯಮ್ ಸರ್ಟಿಫಿಕೇಟಿನಲ್ಲಿ MICRO ಬದಲು SMALL ಬಂದಿದೆ, ಎಲ್ಲಿ ತಪ್ಪಾಯ್ತು?

ಕಾಫಿಪುಡಿ_ಸೋಮವಾರಪೇಟೆ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಕಾಫಿಪುಡಿ ಘಟಕ ಶುರು ಮಾಡಿದೆ. ಇದುವರೆಗೆ ವಹಿವಾಟು 18 ಲಕ್ಷ ಅಷ್ಟೆ. ಹೂಡಿಕೆ 2 ಕೋಟಿ 65 ಲಕ್ಷ ಅಂತ ಬರೆದಿದ್ದೆ. ಸರ್ಟಿಫಿಕೇಟಿನಲ್ಲಿ TYPE OF ENTERPRISE ಎದುರು SMALL ಅಂತ ಬಂದಿದೆ. ಸಾಲಕ್ಕೆ ಮೈಕ್ರೋ ಆಗಿರಬೇಕು ಅಂತಿದ್ದಾರೆ. ಏನು ಮಾಡಲಿ?

ಮಡಿಕೇರಿ_ಮಂಜು:
ವಹಿವಾಟು ಇಷ್ಟು ಕಡಿಮೆ ಇದ್ದರೆ ಮೈಕ್ರೋನೇ ಆಗಬೇಕು. ಮೈಕ್ರೋ ಮಿತಿ ಹೂಡಿಕೆ 1 ಕೋಟಿ, ವಹಿವಾಟು 5 ಕೋಟಿ. ಎರಡೂ ದಾಟಿದರೆ ಮಾತ್ರ ಮೇಲಕ್ಕೆ ಹೋಗುತ್ತೆ.

ಲೆಕ್ಕದ_ಮನೆ:
ಮಂಜು ಅವರೇ, ಆ ಮಿತಿ ಹಳೇದು. 2025ರ ಏಪ್ರಿಲ್ 1ರಿಂದ ಮೈಕ್ರೋಗೆ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ. ಎರಡೂ ದಾಟಬೇಕಿಲ್ಲ, ಯಾವುದಾದರೂ ಒಂದು ದಾಟಿದರೂ ಸಾಕು, ಸ್ಮಾಲ್ ಆಗುತ್ತೆ. ಸೋಮವಾರಪೇಟೆಯವರೇ, ನಿಮ್ಮ 2.65 ಕೋಟಿಯಲ್ಲಿ ಏನೇನು ಸೇರಿಸಿದ್ದೀರಿ? ಬಿಡಿಸಿ ಹೇಳಿ.

ಕಾಫಿಪುಡಿ_ಸೋಮವಾರಪೇಟೆ:
ಜಾಗ 90 ಲಕ್ಷ, ಕಟ್ಟಡ 1.30 ಕೋಟಿ, ಮೇಜು-ಕುರ್ಚಿ, ಕಪಾಟು 5 ಲಕ್ಷ. ರೋಸ್ಟರ್, ಗ್ರೈಂಡರ್, ಪ್ಯಾಕಿಂಗ್ ಮಷೀನು ಜಿಎಸ್‌ಟಿ ಸೇರಿ 40 ಲಕ್ಷ. ಜಿಎಸ್‌ಟಿ ತೆಗೆದರೆ 34.

ಲೆಕ್ಕದ_ಮನೆ:
ಹಾಗಾದರೆ ತಪ್ಪು ಸಿಕ್ಕಿತು. ಆ ಕಾಲಮ್ಮಿಗೆ ಜಾಗ, ಕಟ್ಟಡ, ಪೀಠೋಪಕರಣ ಯಾವುದೂ ಬರಲ್ಲ. ಯಂತ್ರ, ಸಲಕರಣೆ ಮಾತ್ರ. ಇನ್ನೂ ರಿಟರ್ನ್ ಹಾಕದ ಹೊಸ ಘಟಕವಾದ್ದರಿಂದ ಬಿಲ್ಲಿನ ಬೆಲೆಯಲ್ಲಿ ಜಿಎಸ್‌ಟಿ ಬಿಟ್ಟು ಬರೆಯಬೇಕು. ಅಲ್ಲಿಗೆ ನಿಮ್ಮ ಅಂಕಿ 34 ಲಕ್ಷ. ಮೈಕ್ರೋ ಮಿತಿಯ ಹತ್ತಿರಕ್ಕೂ ಹೋಗಲ್ಲ.
ಸರ್ಟಿಫಿಕೇಟಿನ ಜೊತೆ ಬರೋ ಅನುಬಂಧ ತೆಗೆದು ನೋಡಿ, ನೀವು ಕೊಟ್ಟ ಅಂಕಿ ಅಲ್ಲಿರುತ್ತೆ. `udyamregistration.gov.in` ನಲ್ಲಿ ಅಪ್‌ಡೇಟ್ ಆಯ್ಕೆಗೆ ಹೋಗಿ ತಿದ್ದಿ. ಅದಕ್ಕೆ ಶುಲ್ಕ ಇಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಹೊಸದಾಗಿ ಇನ್ನೊಂದು ನೋಂದಣಿ ಮಾಡಲೂ ಹೋಗಬೇಡಿ, ಒಂದು ಉದ್ಯಮಕ್ಕೆ ಒಂದೇ.
ರಿಟರ್ನ್ ಹಾಕಿದ ಮೇಲೆ ಅಂಕಿ ಅಲ್ಲಿಂದಲೇ ಬರುತ್ತೆ, ಯಂತ್ರದ ಸವಕಳಿ ಕಳೆದ ಬೆಲೆ. ಅದಕ್ಕೇ ಯಂತ್ರದ ಬಿಲ್ಲುಗಳನ್ನೆಲ್ಲ ಈಗಲೇ ಒಂದು ಫೈಲಿಗೆ ಹಾಕಿಡಿ.

ವಿರಾಜಪೇಟೆ_ಹೋಮ್‌ಸ್ಟೇ:
ಸರ್, ನನ್ನದು ಹೋಮ್‌ಸ್ಟೇ. ಇದ್ದದ್ದೆಲ್ಲಾ ಕಟ್ಟಡಕ್ಕೇ ಹಾಕಿದ್ದೀನಿ. ಸೇವೆ ಅಂದ್ರೆ ಮಿತಿ ಬೇರೆ ಇರುತ್ತಾ?

ಲೆಕ್ಕದ_ಮನೆ:
ಇಲ್ಲಮ್ಮ, 2020ರ ಜುಲೈಯಿಂದ ತಯಾರಿಕೆಗೂ ಸೇವೆಗೂ ಒಂದೇ ಮಿತಿ. ಕಟ್ಟಡ ನಿಮಗೂ ಲೆಕ್ಕಕ್ಕಿಲ್ಲ. ಗೀಸರ್, ಜನರೇಟರ್ ಅಂಥವು ಬರುತ್ತವೆ, ಮಂಚ ಬರಲ್ಲ.

ಕಾಫಿಪುಡಿ_ಸೋಮವಾರಪೇಟೆ:
ತಿದ್ದಿದೆ ಸರ್, 34 ಲಕ್ಷ ಅಂತ ಹಾಕಿದೆ. ಸರ್ಟಿಫಿಕೇಟಿನಲ್ಲಿ ಇನ್ನೂ SMALL ಅಂತಲೇ ಇದೆ. ಇನ್ನೊಂದು ಪ್ರಶ್ನೆ: ತೋಟದ ಕಾಫಿ ಮಾರಿದ ದುಡ್ಡು ಇದೇ ಪ್ಯಾನ್‌ನಲ್ಲಿದೆ. ಅದೂ ವಹಿವಾಟಿಗೆ ಸೇರುತ್ತಾ?

ಮಡಿಕೇರಿ_ಮಂಜು:
ಒಂದೇ ಪ್ಯಾನ್ ಆದರೆ ಎಲ್ಲಾ ಸೇರಿಸ್ತಾರೆ ಅಂತ ಕೇಳಿದ್ದೀನಿ.

ಲೆಕ್ಕದ_ಮನೆ:
ಒಂದೇ ಪ್ಯಾನ್‌ನ ಘಟಕಗಳನ್ನು ಕೂಡಿಸಿ ಲೆಕ್ಕ ಹಾಕ್ತಾರೆ, ಅದು ಸರಿ. ಆದರೆ ಬರೀ ಬೆಳೆ ಬೆಳೆಯೋ ಕೆಲಸ ಉದ್ಯಮ್ ನೋಂದಣಿಗೇ ಬರಲ್ಲ. ನೀವು ತೋಟದ ಕಾಯಿಯನ್ನೇ ಹುರಿದು ಮಾರ್ತೀರಾ, ಇಲ್ಲ ಕ್ಯೂರಿಂಗಿಗೆ ಬೇರೆಯಾಗಿ ಕೊಡ್ತೀರಾ? ಅದನ್ನ ತಿಳಿಸಿ. ಸರ್ಟಿಫಿಕೇಟು ಬದಲಾಗದಿದ್ದರೆ ಅನುಬಂಧ ಮತ್ತೆ ಡೌನ್‌ಲೋಡ್ ಮಾಡಿ, 34 ಕೂತಿದೆಯಾ ನೋಡಿ. ಕೂತಿದ್ದೂ ಬದಲಾಗದಿದ್ದರೆ ಅದನ್ನೂ ಬಿಲ್ಲುಗಳನ್ನೂ ಹಿಡಿದು ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ.