ಪದ ಬೇಕು: ರೆಗ್ಯುಲರ್ ಎಕ್ಸ್‌ಪ್ರೆಶನ್ ಪಾಠದಲ್ಲಿ ‘ಐಡೆಂಟಿಟಿ’ಗೆ ಏನನ್ನೋಣ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಒಂದು ಪಾಠದ ಅನುವಾದವನ್ನು ನಾಳೆ ಬೆಳಗ್ಗೆ ಕೊಡಬೇಕು. ಎರಡು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳು ಒಂದೇ ಭಾಷೆಯವು, ಅಂದರೆ ಎರಡಕ್ಕೂ ಹೊಂದುವ ಸ್ಟ್ರಿಂಗ್‌ಗಳು ಅವೇ ಅಂತ ಆಟೊಮ್ಯಾಟನ್ ಚಿತ್ರ ಬರೆಯದೆ, ಬರೀ ಬೀಜಗಣಿತದಿಂದ ಸಾಧಿಸುವ ಪಾಠ. ಅದರಲ್ಲಿ ‘ಐಡೆಂಟಿಟಿ’ ಎರಡು ಕಡೆ ಬರುತ್ತದೆ. `(a+b)* = (a*b)*a*` ಒಂದು ಐಡೆಂಟಿಟಿ ಅಂತ ಒಂದು ಕಡೆ. ಜೋಡಣೆಗೆ ಖಾಲಿ ಸ್ಟ್ರಿಂಗ್ `ε` ಐಡೆಂಟಿಟಿ ಅಂತ ಇನ್ನೊಂದು ಕಡೆ. ನಾನು ಎರಡಕ್ಕೂ ‘ಅನನ್ಯತೆ’ ಅಂತ ಹಾಕಿದ್ದೆ. ಓದಿ ನೋಡಿದರೆ ನನಗೇ ತಲೆಬುಡ ಗೊತ್ತಾಗಲಿಲ್ಲ. ‘ಡಿನೋಟ್’ಗೂ ಒಂದು ಪದ ಹೇಳಿ.

ಹಳೇಮೇಷ್ಟ್ರು:

ಎರಡೂ ಬೇರೆ ವಿಷಯ, ಬೇರೆ ಪದ. ಮೊದಲನೆಯದು ನಿತ್ಯಸಮೀಕರಣ. ಶಾಲೆಯಲ್ಲಿ `(a+b)²` ಬಿಡಿಸಿ ಬರೆದಾಗ ಕಲಿತದ್ದೇ. ಎರಡನೆಯದು ಅನನ್ಯತಾಂಶ. ಡಿನೋಟ್ ಅಂದರೆ ‘ಸೂಚಿಸು’. ಇದಕ್ಕೆ ಚರ್ಚೆ ಯಾಕೆ?

ಅಚ್ಚಗನ್ನಡ:

ಚರ್ಚೆ ಬೇಕು ಮೇಷ್ಟ್ರೇ. ‘ನಿತ್ಯಸಮೀಕರಣ’ದಲ್ಲಿ ಕನ್ನಡ ಎಲ್ಲಿದೆ? ಐಡೆಂಟಿಟಿಯ ಬೇರು ಲ್ಯಾಟಿನ್ನಿನ ‘ಇಡೆಮ್’, ಅಂದರೆ ‘ಅದೇ’. ಹಾಗಾಗಿ ‘ಅದೇತನ’ ಅನ್ನಿ. ‘ರೆಗ್ಯುಲರ್’ ಕೂಡ ಹಾಗೇ. ‘ರೆಗುಲಾ’ ಅಂದರೆ ಗೆರೆ ಎಳೆಯುವ ಕೋಲು. ‘ಗೆರೆಮಾತು’ ಅಂದರೆ ಮುಗಿಯಿತು, ಎಕ್ಸ್‌ಪ್ರೆಶನ್ ಅಂತ ನಾಲಿಗೆ ತಿರುಚಬೇಕಿಲ್ಲ.

ಹಳೇಮೇಷ್ಟ್ರು:

ಲ್ಯಾಟಿನ್ ಬೇರಿಗೆ ನೀರು ಹಾಕಿ ಕನ್ನಡದ ಕಾಯಿ ಕೀಳಲು ಹೊರಟಿದ್ದೀರಿ. ‘ರೆಗ್ಯುಲರ್’ ಅಂತ ಹೆಸರಿಟ್ಟ ಕ್ಲೇನಿಯೇ ಆ ಬರಹದಲ್ಲಿ ಇದಕ್ಕಿಂತ ಒಳ್ಳೆಯ ಹೆಸರಿದ್ದರೆ ಹೇಳಿ ಅಂತ ಕೇಳಿಕೊಂಡಿದ್ದರು. ಇಟ್ಟವರಿಗೇ ಅಷ್ಟು ಹಿಡಿಸದ ಹೆಸರಿನಲ್ಲಿ ಕೋಲು ಹುಡುಕಬೇಡಿ.

ಕೋಡಿಗ:

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮೇಡಂ, ನಿಮ್ಮ ಸಮೀಕರಣವೇ ತಪ್ಪಲ್ವಾ? ನನ್ನ ಎಡಿಟರ್‌ನಲ್ಲಿ `a+b` ಅಂದರೆ ಒಂದೋ ಹಲವೋ `a` ಬಂದು ಆಮೇಲೆ ಒಂದು `b`. ಎಡಗಡೆಯದಕ್ಕೆ ಬರೀ `a` ಸಿಗುವುದೇ ಇಲ್ಲ. ಬಲಗಡೆಯದಕ್ಕೆ ಸಿಗುತ್ತದೆ. ಇನ್ನೊಂದು ಮಾತು. ಹೀಗೆ ‘ಸಮ’ ಅಂತ ನಂಬಿ ಒಮ್ಮೆ `^a+$` ಇದ್ದ ಕಡೆ `^(a+)+$` ಹಾಕಿದ್ದೆ. ಮೂವತ್ತು `a` ಆದಮೇಲೆ ಒಂದು `!` ಬಂತು ನೋಡಿ, ಪ್ರೋಗ್ರಾಂ ನಿಂತೇಹೋಯಿತು.

ಥಿಯರಿಯವಳು:

ಕೋಡಿಗ, ಪಾಠದ `+` ಅಂದರೆ ‘ಅಥವಾ’. ನಿಮ್ಮ ಎಡಿಟರ್‌ನಲ್ಲಿ ಅದಕ್ಕೆ `|` ಹಾಕುತ್ತೀರಿ. ಅನುವಾದದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿಬಿಡುವುದು ಒಳ್ಳೆಯದು. ನಿಮ್ಮ ಎರಡನೇ ಕಥೆಯಲ್ಲಿ ಭಾಷೆ ನಿಜವಾಗಿಯೂ ಒಂದೇ. ಆದರೆ ಹಿಂದೆ ಹೋಗಿ ಹೋಗಿ ಹುಡುಕುವ ಎಂಜಿನ್‌ಗೆ ಆ `a`ಗಳನ್ನು ತುಂಡು ಮಾಡುವ ದಾರಿಗಳು ಪ್ರತಿ ಅಕ್ಷರಕ್ಕೆ ದುಪ್ಪಟ್ಟಾಗುತ್ತವೆ. ಸಮೀಕರಣ ಭಾಷೆಯ ಮಾತನ್ನಷ್ಟೇ ಆಡುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಅದಕ್ಕೆ ಸಂಬಂಧವಿಲ್ಲ. ಹಾಗಾಗಿ ‘ಸೂಚಿಸು’ ಸರಿಯಾದ ಪದ.

ಲೆಕ್ಕದಹುಡುಗ:

ನನಗೆ ‘ನಿತ್ಯ’ದ ಮೇಲೇ ಅನುಮಾನ. ಇದನ್ನು ಸಾಧಿಸುವುದು ಆರ್ಡೆನ್ ನಿಯಮದಿಂದ ಅಲ್ವಾ? `X = AX + B`ಗೆ `A*B` ಒಂದೇ ಉತ್ತರ ಅನ್ನಬೇಕಾದರೆ `A`ಯಲ್ಲಿ `ε` ಇರಬಾರದು. ಇದ್ದರೆ ಕೆಡುತ್ತದೆ. `X = (ε+a)X + b` ತಗೊಳ್ಳಿ. `a*b` ಉತ್ತರ ಹೌದು, ಆದರೆ `(a+b)*` ಕೂಡ ಉತ್ತರ. ಅಂದಮೇಲೆ `a` ಜಾಗದಲ್ಲಿ `ε` ಇರುವ ಏನನ್ನೋ ಹಾಕಿದರೆ ಮೇಡಂ ಅವರ ಸಮೀಕರಣವೂ ಬಿದ್ದುಹೋಗಬೇಕು. ‘ಷರತ್ತಿನ ಸಮೀಕರಣ’ ಅನ್ನಿ.

ಥಿಯರಿಯವಳು:

ಉದಾಹರಣೆ ಸರಿ, ತೀರ್ಮಾನ ತಪ್ಪು. ಮಾಡಿ ನೋಡೋಣ. ಬಲಗಡೆಯದನ್ನು `X` ಅಂತ ಕರೆಯಿರಿ. ಬಳಸುವುದು ಸ್ಟಾರ್ ಬಿಚ್ಚುವ `r* = ε + rr*` ಮತ್ತು ಆವರಣ ಬಿಡಿಸುವುದು, ಇಷ್ಟೇ.

```
X = (a*b)*a*
  = (ε + a*b(a*b)*)a*
  = a* + a*bX
  = (ε + aa*) + (ε + aa*)bX
  = ε + bX + a(a* + a*bX)
  = ε + bX + aX
  = (a+b)X + ε
```

ಐದನೇ ಸಾಲಿನ ಆವರಣದೊಳಗೆ ಇರುವುದು ಮೂರನೇ ಸಾಲೇ, ಅಂದರೆ `X`. ಅದನ್ನು ಗುರುತಿಸದಿದ್ದರೆ ಲೆಕ್ಕ ಸುಮ್ನೆ ಉದ್ದವಾಗುತ್ತಾ ಹೋಗುತ್ತದೆ. ಹುಡುಗರು ಸಿಕ್ಕಿಬೀಳುವುದು ಅಲ್ಲೇ.

ಈಗ ಕೊನೆಯ ಸಾಲು ಆರ್ಡೆನ್ ರೂಪದಲ್ಲಿದೆ. `A` ಅಂದರೆ ಇಲ್ಲಿ `a+b`, ಎರಡು ಬಿಡಿ ಅಕ್ಷರ, `ε` ಇಲ್ಲ. ಒಂದು ಸ್ಟ್ರಿಂಗ್ `X`ನಲ್ಲಿದೆಯೋ ಇಲ್ಲವೋ ಅಂತ ಕೇಳಿದಾಗಲೆಲ್ಲ ಒಂದು ಅಕ್ಷರ ಕಳಚಿ ಚಿಕ್ಕದರ ಬಗ್ಗೆ ಕೇಳುತ್ತೀರಿ. ಕೊನೆಗೆ ಖಾಲಿಗೆ ಬಂದು ನಿಲ್ಲಲೇಬೇಕು. ಅದಕ್ಕೇ ಉತ್ತರ ಒಂದೇ, `(a+b)*`. `A`ಯಲ್ಲಿ `ε` ಇದ್ದರೆ ಏನೂ ಕಳಚದೆ ಅಲ್ಲೇ ಸುತ್ತಬಹುದು. ನಿಮ್ಮ ಎರಡನೇ ಉತ್ತರ ನುಸುಳಿದ್ದು ಹಾಗೆ.

ಷರತ್ತು ಬೇಕಾದದ್ದು ಸಾಧನೆಯ ಹೊತ್ತಿಗೆ ಮಾತ್ರ. ಅಕ್ಷರಗಳಿಗೆ ಒಮ್ಮೆ ಸಾಧಿಸಿದ ಮೇಲೆ `a`, `b` ಜಾಗದಲ್ಲಿ ಯಾವ ಭಾಷೆ ಬೇಕಾದರೂ ಹಾಕಿ. ಎರಡೂ ಕಡೆ ಇರುವುದು ಅವೇ ಸ್ಟ್ರಿಂಗ್‌ಗಳು. ಪ್ರತಿಯೊಂದರಲ್ಲೂ ಅಕ್ಷರ ತೆಗೆದು ಭಾಷೆ ಇಟ್ಟರೆ ಸಿಗುವುದೂ ಒಂದೇ. ಆ ಭಾಷೆಯಲ್ಲಿ `ε` ಇದ್ದರೂ ಸಮೀಕರಣ ನಿಲ್ಲುತ್ತದೆ. ಅದಕ್ಕೇ ಅದು ನಿತ್ಯ. `X = AX + B` ಹಾಗಲ್ಲ, ಅಲ್ಲಿ `X` ಹುಡುಕಬೇಕಾದದ್ದು. ಅದು ಬರೀ ಸಮೀಕರಣ.

ಲೆಕ್ಕದಹುಡುಗ:

ಆಯ್ತು, ಆ ಮಾತು ವಾಪಸ್. ಆದರೆ ಆರ್ಡೆನ್ ಹೇಳಿದ್ದನ್ನೂ ನಿತ್ಯಸಮೀಕರಣ ಅನ್ನಬಹುದಾ?

ಥಿಯರಿಯವಳು:

ಬೇಡ. ಅದು ‘ಹೀಗಿದ್ದರೆ ಹಾಗೆ’ ಅನ್ನುವ ನಿಯಮ. ಈ ವ್ಯತ್ಯಾಸ ಪದದ್ದಷ್ಟೇ ಅಲ್ಲ. ಬರೀ ನಿತ್ಯಸಮೀಕರಣಗಳ ಪಟ್ಟಿ ಎಷ್ಟೇ ಉದ್ದ ಮಾಡಿದರೂ, ಮುಗಿಯುವ ಪಟ್ಟಿಯಾಗಿದ್ದರೆ ಅದರಿಂದ ಎಲ್ಲವನ್ನೂ ಸಾಧಿಸಲಾಗದು. ಇದನ್ನು 1964ರಲ್ಲಿ ರೆಡ್ಕೊ ತೋರಿಸಿದರು. 1966ರಲ್ಲಿ ಸಲೋಮಾ ಕೊಟ್ಟ ಪದ್ಧತಿ ಪೂರ್ತಿಯಾದದ್ದು ಆರ್ಡೆನ್ ಥರದ ಒಂದು ನಿಯಮವನ್ನು ಸೇರಿಸಿಕೊಂಡಿದ್ದರಿಂದ. ಅನುವಾದದಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ಈ ಮಾತು ಹೇಳಲಿಕ್ಕೇ ಬರುವುದಿಲ್ಲ.

ಅಚ್ಚಗನ್ನಡ:

‘ಎಂದೂ’ ಇರುವಾಗ ‘ನಿತ್ಯ’ ಯಾಕೆ? ಸಮೀಕರಣಕ್ಕೆ ‘ಸರಿಸಾಟಿ’, ಐಡೆಂಟಿಟಿಗೆ ‘ಎಂದೂ ಸರಿಸಾಟಿ’. ‘ಅದೇತನ’ ಬೇಕಾದರೆ ಬಿಡುತ್ತೇನೆ.

ಹಳೇಮೇಷ್ಟ್ರು:

‘ನಿತ್ಯ ಇದೇ ಗೋಳು’ ಅಂತ ಮನೆಮನೆಯಲ್ಲೂ ಅನ್ನುತ್ತಾರೆ. ಅದು ಎರವಲು ಅಂತ ಅವರಿಗೆ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.

ಅಚ್ಚಗನ್ನಡ:

ಹಾಗಾದರೆ ‘ಐಡೆಂಟಿಟಿ’ಯನ್ನೇ ಇಟ್ಟುಕೊಳ್ಳಿ, ಅದನ್ನೂ ಮನೆಮನೆಯಲ್ಲಿ ಅನ್ನುತ್ತಾರೆ. ಸಂಸ್ಕೃತದ್ದಾದರೆ ನಮ್ಮದು, ಇಂಗ್ಲಿಷಿನದಾದರೆ ಬೇರೆಯವರದು, ಇದು ಯಾವ ನ್ಯಾಯ?

ಕೋಡಿಗ:

ಈಗ `|` ಹಾಕಿ ಓಡಿಸಿದೆ. ಆದರೂ ಸರಿಹೊಂದುತ್ತಿಲ್ಲ. ನನ್ನ ಮೇಲ್‌ನಲ್ಲಿ ಬಲಗಡೆ `(ab)*a*` ಅಂತ ಕಾಣುತ್ತಿದೆ.

ಥಿಯರಿಯವಳು:

ಒಂದು ನಕ್ಷತ್ರ ಬಿದ್ದುಹೋಗಿದೆ. ಕೆಲವು ಮೇಲ್ ಪ್ರೋಗ್ರಾಂಗಳು `*` ಕಂಡರೆ ದಪ್ಪಕ್ಷರದ ಗುರುತು ಅಂದುಕೊಂಡು ನುಂಗಿಬಿಡುತ್ತವೆ. ಪತ್ತೆ ಸುಲಭ, ಚಿಕ್ಕ ಸ್ಟ್ರಿಂಗ್‌ಗಳಿಂದ ಶುರು ಮಾಡಿ. ಬರೀ `b` ಎಡಗಡೆ ಇದೆ, `(ab)*a*`ನಲ್ಲಿ ಇಲ್ಲ. ಒಂದು ಸ್ಟ್ರಿಂಗ್ ಸಾಕು, ಬೀಜಗಣಿತ ಶುರು ಮಾಡುವುದೇ ಬೇಡ. ಮೇಡಂ, ನಿಮ್ಮ ಅಚ್ಚುಪ್ರತಿಯಲ್ಲೂ ನಕ್ಷತ್ರಗಳನ್ನು ಎಣಿಸಿ ನೋಡಿ.

ಅನುವಾದಕಿ:

ಎಣಿಸಿದೆ, ಎರಡು ಕಡೆ ಹಾರಿಹೋಗಿತ್ತು! ಹೀಗೆ ಬರೆದಿದ್ದೇನೆ: “`(a+b)*` ಮತ್ತು `(a*b)*a*` ಒಂದೇ ಭಾಷೆಯನ್ನು ಸೂಚಿಸುತ್ತವೆ. ಇದೊಂದು ನಿತ್ಯಸಮೀಕರಣ.” `ε`ಗೆ ಅನನ್ಯತಾಂಶ, ಆರ್ಡೆನ್‌ದು ನಿಯಮ. ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಗೇ ಬಿಟ್ಟಿದ್ದೇನೆ. ಬೀಜೋಕ್ತಿಯ ಜಾಡಿನಲ್ಲಿ ‘ನಿಯತೋಕ್ತಿ’ ಅನ್ನಬಹುದೇನೋ ಅನ್ನಿಸಿತು, ಧೈರ್ಯ ಬರಲಿಲ್ಲ.

ಅಚ್ಚಗನ್ನಡ:

ನಿಯತೋಕ್ತಿ! ಅದಕ್ಕಿಂತ ಇಂಗ್ಲಿಷೇ ವಾಸಿ.

ಹಳೇಮೇಷ್ಟ್ರು:

ಚೆನ್ನಾಗಿದೆ. ಹಾಕಿಬಿಡಿ.